ಶಾಲಾ ಪ್ರಾಜೆಕ್ಟ್‌ಗೆ ಒಂದು ಪುಟದ ಕಂಪನಿ ಪರಿಚಯ: ಹೊಸೂರಿನ ಟೈಟಾನ್ ಉದಾಹರಣೆಯೊಂದಿಗೆ

ಕೆಲಮಂಗಲ, ಹೊಸೂರು, ದೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ಶಾಲೆಗಳಲ್ಲಿ ವಾಣಿಜ್ಯ ಓದುವ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಈ ಕೆಲಸ ಬಂದೇ ಬರುತ್ತದೆ: ನಿಮ್ಮ ಊರಿನ ಹತ್ತಿರದ ಒಂದು ಕಂಪನಿಯ ಬಗ್ಗೆ ಒಂದು ಪುಟ ಬರೆದು ತನ್ನಿ. ಯಾವಾಗ ಆರಂಭವಾಯಿತು, ಯಾವ ಕ್ಷೇತ್ರದ ಕಂಪನಿ, ಮಾಲೀಕರು ಯಾರು, ಮಾಹಿತಿ ಎಲ್ಲಿಂದ ಬಂತು ಎಂಬ ನಾಲ್ಕು ಪ್ರಶ್ನೆಗಳಿಗೆ ಆ ಪುಟದಲ್ಲಿ ಉತ್ತರವಿರಬೇಕು. ನೋಡಲು ಸುಲಭ. ಆದರೆ ಬರೆಯಲು ಕುಳಿತಾಗ ಒಂದೇ ಕಂಪನಿಗೆ ಮೂರು ಸ್ಥಾಪನಾ ವರ್ಷ, ಎರಡು ಕಚೇರಿ, ಇಬ್ಬರು ಮೂವರು ಮಾಲೀಕರು ಸಿಗುತ್ತಾರೆ. ಅವುಗಳಲ್ಲಿ ಯಾವುದನ್ನು ಬರೆಯಬೇಕು, ಏಕೆ ಎಂಬುದನ್ನು ನಮ್ಮ ಭಾಗದ ಎಲ್ಲರಿಗೂ ಗೊತ್ತಿರುವ ಟೈಟಾನ್ ಕಂಪನಿಯನ್ನೇ ಇಟ್ಟುಕೊಂಡು ಇಲ್ಲಿ ನೋಡೋಣ. ಗಡಿಯ ಈಚೆ ಅತ್ತಿಬೆಲೆ, ಆನೇಕಲ್ ಕಡೆಯ ಸದಸ್ಯರ ಮಕ್ಕಳಿಗೂ ಇದೇ ದಾರಿ ಸಾಕು.

ಟೈಟಾನನ್ನು ಆರಿಸಲು ಕಾರಣವಿದೆ. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಮಾಡುತ್ತಿರುವವರು ನಮ್ಮ ಸದಸ್ಯರ ಮನೆಗಳಲ್ಲೇ ಇದ್ದಾರೆ. ಹಾಗಿದ್ದರೂ ‘ಅದು ಯಾರ ಕಂಪನಿ’ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ‘ಟಾಟಾದವರದ್ದು’ ಎಂದು ಹೇಳಿ ಮುಗಿಸುತ್ತಾರೆ. ದಾಖಲೆ ತೆಗೆದು ನೋಡಿದರೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ.

ಮೊದಲು ಸರಿಯಾದ ಕಂಪನಿಯನ್ನು ಹಿಡಿಯುವುದು

ಭಾರತದಲ್ಲಿ ನೋಂದಣಿಯಾದ ಪ್ರತಿಯೊಂದು ಕಂಪನಿಗೂ 21 ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಇದನ್ನು ಸಿಐಎನ್ ಎನ್ನುತ್ತಾರೆ. ಮನುಷ್ಯನಿಗೆ ಆಧಾರ್ ಇದ್ದಂತೆ. ಕಂಪನಿಯ ವಾರ್ಷಿಕ ವರದಿಯಲ್ಲಿ, ಅದರ ಜಾಲತಾಣದ ಕೆಳಭಾಗದಲ್ಲಿ, ಲೆಟರ್‌ಹೆಡ್‌ನಲ್ಲಿ ಇದು ಅಚ್ಚಾಗಿರುತ್ತದೆ. ಟೈಟಾನ್‌ನದ್ದು ಹೀಗಿದೆ:

```
L74999TZ1984PLC001456
```

ಪ್ರಾಜೆಕ್ಟ್ ಶುರುಮಾಡುವಾಗ ಮೊದಲು ಈ ಸಂಖ್ಯೆಯನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಏಕೆಂದರೆ ಹೆಸರಿನಲ್ಲಿ ‘ಟೈಟಾನ್’ ಎಂದಿರುವ, ಈ ಕಂಪನಿಗೆ ಏನೇನೂ ಸಂಬಂಧವಿಲ್ಲದ ಕಂಪನಿಗಳು ಬೇರೆ ಇವೆ. ಹೆಸರು ನೋಡಿ ಹೋದರೆ ತಪ್ಪು ಬಾಗಿಲು ತಟ್ಟುತ್ತೀರಿ, ಸಂಖ್ಯೆ ನೋಡಿ ಹೋದರೆ ಹಾಗಾಗುವುದಿಲ್ಲ.

ಈ ಸಂಖ್ಯೆಯನ್ನು ಬಿಡಿಸಿ ಓದಲೂಬಹುದು. ಮೊದಲಿನ L ಎಂದರೆ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ. ನೋಂದಾಯಿತವಲ್ಲದಿದ್ದರೆ ಅಲ್ಲಿ U ಇರುತ್ತದೆ. ಮುಂದಿನ ಐದು ಅಂಕಿಗಳು ಉದ್ಯಮದ ವರ್ಗ. ಅದರ ಮುಂದಿನ ಎರಡು ಅಕ್ಷರಗಳು ನೋಂದಣಿಯಾದ ರಾಜ್ಯ, ಆಮೇಲಿನ ನಾಲ್ಕು ಅಂಕಿಗಳು ನೋಂದಣಿಯಾದ ವರ್ಷ. PLC ಎಂದರೆ ಪಬ್ಲಿಕ್ ಲಿಮಿಟೆಡ್, PTC ಎಂದಿದ್ದರೆ ಪ್ರೈವೇಟ್ ಲಿಮಿಟೆಡ್. ಕೊನೆಯ ಆರು ಅಂಕಿಗಳು ನೋಂದಣಿ ಸಂಖ್ಯೆ.

ರಾಜ್ಯದ ಜಾಗದಲ್ಲಿ TZ ಇರುವುದನ್ನು ಗಮನಿಸಿ. ತಮಿಳುನಾಡಿನಲ್ಲಿ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ ಎರಡು ಕಡೆ ಇದೆ. ಚೆನ್ನೈ ಕಚೇರಿಯ ಕಂಪನಿಗಳಿಗೆ TN, ಕೊಯಮತ್ತೂರು ಕಚೇರಿಯ ಕಂಪನಿಗಳಿಗೆ TZ. ಕೃಷ್ಣಗಿರಿ ಜಿಲ್ಲೆ ಕೊಯಮತ್ತೂರಿನ ವ್ಯಾಪ್ತಿಗೆ ಸೇರಿದೆ. ಹಾಗಾಗಿ ನಮ್ಮ ಭಾಗದಲ್ಲೇ ನೋಂದಾಯಿತ ಕಚೇರಿ ಇಟ್ಟುಕೊಂಡ ಕಂಪನಿಗೆ TZ ಬರುತ್ತದೆ. ಕರ್ನಾಟಕವಾದರೆ KA.

ಕಾರ್ಖಾನೆ ಹೊಸೂರಿನಲ್ಲಿದ್ದ ಮಾತ್ರಕ್ಕೆ ಕಂಪನಿ ಹೊಸೂರಿನದ್ದಾಗುವುದಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಟಿವಿಎಸ್ ಮೋಟಾರ್ ಕಂಪನಿಯ ಸಂಖ್ಯೆ L35921TN1992PLC022845, ಅಶೋಕ್ ಲೇಲ್ಯಾಂಡ್‌ನದ್ದು L34101TN1948PLC000105. ಎರಡಕ್ಕೂ ಹೊಸೂರಿನಲ್ಲಿ ದೊಡ್ಡ ಕಾರ್ಖಾನೆಗಳಿವೆ, ಆದರೆ ನೋಂದಾಯಿತ ಕಚೇರಿ ಚೆನ್ನೈನಲ್ಲಿದೆ. ‘ಸ್ಥಳ’ ಎಂಬ ಸಾಲಿನಲ್ಲಿ ಕಾರ್ಖಾನೆಯ ಊರನ್ನೂ ನೋಂದಾಯಿತ ಕಚೇರಿಯ ಊರನ್ನೂ ಬೇರೆಬೇರೆಯಾಗಿ ಬರೆಯಬೇಕು ಎಂದು ಹೇಳುವುದು ಇದಕ್ಕೇ. ಟೈಟಾನ್‌ನ ನೋಂದಾಯಿತ ಕಚೇರಿ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ, ಪಿನ್ 635126. ಆಡಳಿತ ನಡೆಯುವ ಕಾರ್ಪೊರೇಟ್ ಕಚೇರಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿ ಪಕ್ಕದ ವೀರಸಂದ್ರದಲ್ಲಿ. ಇದು ತಮಿಳುನಾಡಿನ ಕಂಪನಿಯೋ ಬೆಂಗಳೂರಿನ ಕಂಪನಿಯೋ ಎಂಬ ವಾದ ನಮ್ಮ ಕಡೆ ಚಹಾದಂಗಡಿಗಳಲ್ಲಿ ನಡೆಯುವುದುಂಟು. ಕಾನೂನಿನ ಲೆಕ್ಕದಲ್ಲಿ ಕಂಪನಿಯ ವಿಳಾಸ ಎಂದರೆ ನೋಂದಾಯಿತ ಕಚೇರಿ. ಆ ಪ್ರಕಾರ ಅದು ಹೊಸೂರಿನದ್ದೇ.

ಸ್ಥಾಪನೆಯ ವರ್ಷ: 1984, 1987, 1993, 2013, ಯಾವುದು?

ಸ್ಥಾಪನೆಯ ದಿನಕ್ಕೆ ಮೊದಲ ಆಧಾರ ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆ. www.mca.gov.in ತೆರೆದು MCA Services ಪಟ್ಟಿಯಲ್ಲಿ View Company or LLP Master Data ಎಂಬುದನ್ನು ಆರಿಸಿ, ಸಿಐಎನ್ ಅಥವಾ Titan Company Limited ಎಂಬ ಪೂರ್ತಿ ಹೆಸರನ್ನು ಕೊಡಬೇಕು. ಪರದೆಯ ಮೇಲಿನ ಅಕ್ಷರಗಳನ್ನು ನೋಡಿ ಟೈಪ್ ಮಾಡಲು ಕೇಳುತ್ತದೆ. ಕೆಲವೊಮ್ಮೆ ಲಾಗಿನ್ ಕೂಡ ಕೇಳುತ್ತದೆ, ಆಗ ಪೋಷಕರೋ ಶಿಕ್ಷಕರೋ ತಮ್ಮ ಹೆಸರಿನಲ್ಲಿ ಉಚಿತ ಖಾತೆ ತೆರೆದುಕೊಟ್ಟರೆ ಸಾಕು. ತೆರೆದುಕೊಳ್ಳುವ ಪುಟದಲ್ಲಿ Date of Incorporation ಎಂಬ ಸಾಲಿದೆ. ಟೈಟಾನ್‌ಗೆ ಅಲ್ಲಿ 26 ಜುಲೈ 1984 ಎಂದಿರುತ್ತದೆ. ಸಿಐಎನ್ ಒಳಗಿನ 1984ಕ್ಕೂ ಇದಕ್ಕೂ ತಾಳೆಯಾಗಬೇಕು. ಆಗದಿದ್ದರೆ ನೀವು ನೋಡುತ್ತಿರುವುದು ಬೇರೆ ಕಂಪನಿ.

ಉಳಿದ ವರ್ಷಗಳು ಎಲ್ಲಿಂದ ಬಂದವು ಎಂದರೆ, ಅವೂ ಸುಳ್ಳಲ್ಲ. 1984ರಲ್ಲಿ ನೋಂದಣಿಯಾದಾಗ ಕಂಪನಿಯ ಹೆಸರು ಟೈಟಾನ್ ವಾಚಸ್ ಲಿಮಿಟೆಡ್. ಕಾಗದದ ಮೇಲೆ ಕಂಪನಿ ಹುಟ್ಟಿದ ಮೇಲೆ ಜಾಗ, ಕಟ್ಟಡ, ಯಂತ್ರ, ತರಬೇತಿ ಎಲ್ಲ ಆಗಬೇಕಲ್ಲ. ಹೊಸೂರಿನ ಕೈಗಡಿಯಾರಗಳು ಮಾರುಕಟ್ಟೆಗೆ ಬಂದದ್ದು 1987ರ ಹೊತ್ತಿಗೆ. ಹಾಗಾಗಿ ಹಳೆಯ ಉದ್ಯೋಗಿಗಳು 87 ಎಂದು ಹೇಳುವುದು ಉತ್ಪಾದನೆಯ ನೆನಪಿನಿಂದ. ಮುಂದೆ ಗಡಿಯಾರವಲ್ಲದೆ ಬೇರೆ ವಸ್ತುಗಳಿಗೂ ಕೈಹಾಕಿದಾಗ, 1993ರಲ್ಲಿ, ಹೆಸರು ಟೈಟಾನ್ ಇಂಡಸ್ಟ್ರೀಸ್ ಆಯಿತು. 2013ರಲ್ಲಿ ಈಗಿನ ಟೈಟಾನ್ ಕಂಪನಿ ಲಿಮಿಟೆಡ್ ಎಂಬ ಹೆಸರು ಬಂತು. ಹೆಸರು ಬದಲಾದಾಗ ರಿಜಿಸ್ಟ್ರಾರ್ ಕಚೇರಿ ಹೊಸ ಪ್ರಮಾಣಪತ್ರ ಕೊಡುತ್ತದೆ, ಆದರೆ ಕಂಪನಿ ಅದೇ, ಹುಟ್ಟಿದ ದಿನವೂ ಅದೇ. ಮದುವೆಯಾಗಿ ಹೆಸರು ಬದಲಿಸಿಕೊಂಡವರ ಜನ್ಮದಿನ ಬದಲಾಗದ ಹಾಗೆ.

ಆದ್ದರಿಂದ ‘ಸ್ಥಾಪನೆ’ ಎಂಬ ಒಂದೇ ಪದ ಬಳಸದೆ ‘ನೋಂದಣಿ’, ‘ಉತ್ಪಾದನೆ ಆರಂಭ’, ‘ಹೆಸರು ಬದಲಾವಣೆ’ ಎಂದು ಬಿಡಿಸಿ ಬರೆದರೆ ಗೊಂದಲವೇ ಇರುವುದಿಲ್ಲ. ಒಂದೇ ವರ್ಷ ಬರೆಯಬೇಕೆಂದರೆ ನೋಂದಣಿಯ ವರ್ಷ ಬರೆಯಿರಿ, ಏಕೆಂದರೆ ಅದಕ್ಕೆ ಮಾತ್ರ ಸರ್ಕಾರಿ ದಾಖಲೆಯಿದೆ.

ಇದಕ್ಕಿಂತ ಹೆಚ್ಚು ಎಡವುವುದು ಟಿವಿಎಸ್ ವಿಷಯದಲ್ಲಿ. ಮಕ್ಕಳ ಪುಟಗಳಲ್ಲಿ 1911 ಎಂದು ಬರೆದಿರುವುದು ಸಾಮಾನ್ಯ. 1911 ಎಂಬುದು ಟಿ.ವಿ. ಸುಂದರಂ ಅಯ್ಯಂಗಾರ್ ಅವರು ಮಧುರೈನಲ್ಲಿ ಬಸ್ ಸಾರಿಗೆ ಆರಂಭಿಸಿದ ಕಾಲ, ಅಂದರೆ ಇಡೀ ಸಮೂಹದ ಮೂಲ. ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಹೊರಬಂದದ್ದು 1980ರಲ್ಲಿ. ಆಗ ಅದು ಸುಂದರಂ ಕ್ಲೇಟನ್ ಎಂಬ ಬೇರೆ ಕಂಪನಿಯ ವಿಭಾಗವಾಗಿತ್ತು. ಈಗ ಟಿವಿಎಸ್ ಮೋಟಾರ್ ಎಂಬ ಹೆಸರಿನಲ್ಲಿರುವ ಕಾನೂನುಬದ್ಧ ಕಂಪನಿಯ ನೋಂದಣಿ, ಮೇಲಿನ ಸಂಖ್ಯೆಯಲ್ಲೇ ಕಾಣುವಂತೆ, 1992. ಸಮೂಹ, ಕಾರ್ಖಾನೆ, ಕಂಪನಿ ಈ ಮೂರಕ್ಕೂ ಬೇರೆಬೇರೆ ವಯಸ್ಸು. ಅಶೋಕ್ ಲೇಲ್ಯಾಂಡ್ ಇದಕ್ಕೆ ತಿರುಗುಮುರುಗು: 1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ನೋಂದಣಿಯಾಗಿ, 1955ರಲ್ಲಿ ಹೆಸರು ಬದಲಾಯಿತು, ಹೊಸೂರಿನ ಘಟಕ 1980ರದ್ದು. ಸಂಖ್ಯೆಯಲ್ಲಿ ಉಳಿದಿರುವುದು 1948.

ಹಳೆಯ ಕಾಗದಗಳನ್ನು ನೋಡುವವರಿಗೆ ಇನ್ನೊಂದು ಮಾತು. 2004ರ ಫೆಬ್ರವರಿಗೆ ಮೊದಲಿನ ದಾಖಲೆಗಳಲ್ಲಿ ಹೊಸೂರು ಧರ್ಮಪುರಿ ಜಿಲ್ಲೆ ಎಂದಿರುತ್ತದೆ. ಕೃಷ್ಣಗಿರಿ ಜಿಲ್ಲೆ ರಚನೆಯಾದದ್ದು ಆಗಲೇ. ಕಂಪನಿ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಿದೆ ಎಂದು ಯಾರೂ ಬರೆಯಬಾರದು, ಗಡಿ ಮಾತ್ರ ಸರಿದದ್ದು.

ಕ್ಷೇತ್ರ: ಗಡಿಯಾರದ ಕಂಪನಿಯೇ?

ಸಿಐಎನ್‌ನಲ್ಲಿ ಉದ್ಯಮದ ವರ್ಗವಿದೆ ಎಂದೆವಲ್ಲ, ಅದನ್ನೇ ಬರೆದರಾಯಿತು ಎಂದುಕೊಳ್ಳಬೇಡಿ. ಟೈಟಾನ್‌ನ 74999 ಎಂಬುದು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ ಹಳೆಯ ಆವೃತ್ತಿಯಲ್ಲಿ ‘ಬೇರೆಲ್ಲೂ ಸೇರದ ಇತರ ವ್ಯವಹಾರ ಚಟುವಟಿಕೆ’ ಎಂಬ ಗುಂಪಿಗೆ ಸೇರುತ್ತದೆ. ಗಡಿಯಾರವೂ ಇಲ್ಲ, ಚಿನ್ನವೂ ಇಲ್ಲ. ಅಶೋಕ್ ಲೇಲ್ಯಾಂಡ್‌ನ 34101 ಮಾತ್ರ ಮೋಟಾರು ವಾಹನ ತಯಾರಿಕೆಗೆ ಸರಿಯಾಗಿ ಹೊಂದುತ್ತದೆ. ಅಂದರೆ ಈ ಐದು ಅಂಕಿಗಳು ಕೆಲವೊಮ್ಮೆ ಸರಿ, ಕೆಲವೊಮ್ಮೆ ಏನೂ ಹೇಳುವುದಿಲ್ಲ. ಅವುಗಳನ್ನೇ ನಂಬಿ ಕ್ಷೇತ್ರ ಬರೆಯಬಾರದು.

ಎರಡನೆಯ ಆಧಾರ ಷೇರುಪೇಟೆ. ರಾಷ್ಟ್ರೀಯ ಷೇರುಪೇಟೆಯ ಜಾಲತಾಣ www.nseindia.com ನಲ್ಲಿ TITAN ಎಂದು ಹುಡುಕಿದರೆ ಕಂಪನಿಯ ಪುಟ ಬರುತ್ತದೆ. ಅಲ್ಲಿ ಅದನ್ನು Consumer Durables ಎಂಬ ದೊಡ್ಡ ಗುಂಪಿನೊಳಗೆ Gems, Jewellery And Watches ಎಂಬ ಸಣ್ಣ ಗುಂಪಿನಲ್ಲಿ ಇಟ್ಟಿದ್ದಾರೆ. ಮುಂಬೈ ಷೇರುಪೇಟೆಯಲ್ಲಿ ಇದೇ ಕಂಪನಿಯ ಸಂಕೇತ 500114. ಶಾಲೆಯ ಪುಟಕ್ಕೆ ಈ ವರ್ಗೀಕರಣ ಸಾಕಷ್ಟಾಗುತ್ತದೆ.

ಆದರೆ ನಿಜವಾದ ಉತ್ತರ ಕಂಪನಿಯ ವಾರ್ಷಿಕ ವರದಿಯಲ್ಲಿದೆ. ಜಾಲತಾಣದ Investors ವಿಭಾಗದಲ್ಲಿ ಪಿಡಿಎಫ್ ಸಿಗುತ್ತದೆ. ಮುನ್ನೂರು ನಾನೂರು ಪುಟ ಇರುವುದನ್ನು ಕಂಡು ಹೆದರಬೇಕಿಲ್ಲ. ಪಿಡಿಎಫ್‌ನಲ್ಲಿ segment ಎಂಬ ಪದವನ್ನು ಹುಡುಕಿದರೆ, ಕಂಪನಿಯ ಆದಾಯ ಯಾವ ಯಾವ ವ್ಯವಹಾರದಿಂದ ಎಷ್ಟೆಷ್ಟು ಬಂತು ಎಂಬ ಕೋಷ್ಟಕ ಸಿಗುತ್ತದೆ. ಟೈಟಾನ್‌ನಲ್ಲಿ ಗಡಿಯಾರ, ಆಭರಣ, ಕನ್ನಡಕ, ಇತರೆ ಎಂಬ ಭಾಗಗಳಿವೆ. ಆಭರಣದ ಆದಾಯವನ್ನು ಒಟ್ಟು ಆದಾಯದಿಂದ ಭಾಗಿಸಿ ನೂರರಿಂದ ಗುಣಿಸಿ ನೋಡಿ. ಇತ್ತೀಚಿನ ಯಾವ ವರ್ಷದ್ದನ್ನು ತೆಗೆದುಕೊಂಡರೂ ಐದರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ಬರುತ್ತದೆ. ಹೊಸೂರಿನ ಜನರ ಬಾಯಲ್ಲಿ ‘ವಾಚ್ ಫ್ಯಾಕ್ಟರಿ’ಯಾಗಿಯೇ ಉಳಿದ ಕಂಪನಿ, ಲೆಕ್ಕದ ಪುಸ್ತಕದಲ್ಲಿ ಬಹುಮಟ್ಟಿಗೆ ತನಿಷ್ಕ್ ಆಭರಣದ ಕಂಪನಿ. ‘ಕ್ಷೇತ್ರ: ಕೈಗಡಿಯಾರ ತಯಾರಿಕೆ’ ಎಂದು ಬರೆದರೆ 1987ಕ್ಕೆ ಸರಿ, ಇಂದಿಗೆ ತಪ್ಪು.

ಚಿನ್ನದ ಬೆಲೆಯೇ ದೊಡ್ಡದಾದ್ದರಿಂದ ಆದಾಯದಲ್ಲಿ ಆಭರಣದ ಪಾಲು ಹೀಗೆ ಉಬ್ಬಿ ಕಾಣುತ್ತದೆ ಎಂಬುದೂ ಸತ್ಯ. ಒಂದು ಬಳೆಯ ಬೆಲೆಗೆ ಎಷ್ಟೋ ಗಡಿಯಾರ ಬರುತ್ತವೆ. ತುಸು ಮುಂದೆ ಹೋಗಬಯಸುವ ಪ್ಲಸ್ ಟು ಅಥವಾ ಪಿಯುಸಿ ವಿದ್ಯಾರ್ಥಿ ಅದೇ ಕೋಷ್ಟಕದಲ್ಲಿ ಪ್ರತಿ ಭಾಗದ ಲಾಭವನ್ನೂ ನೋಡಿ ಹೋಲಿಸಬಹುದು. ಒಂದು ಪುಟಕ್ಕೆ ಅಷ್ಟು ಬೇಡ.

ಮಾಲೀಕರು ಯಾರು?

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ.

ಸಚಿವಾಲಯದ ಪುಟದಲ್ಲಿ ನಿರ್ದೇಶಕರ ಹೆಸರುಗಳಿರುತ್ತವೆ, ಮಾಲೀಕರದ್ದಲ್ಲ. ನಿರ್ದೇಶಕರು ಕಂಪನಿಯನ್ನು ನಡೆಸುವವರು. ಒಂದೇ ಒಂದು ಷೇರು ಇಲ್ಲದವರೂ ನಿರ್ದೇಶಕರಾಗಿರಬಹುದು. ಷೇರು ಇರುವವರೇ ಮಾಲೀಕರು. ಷೇರುಪೇಟೆಯಲ್ಲಿರುವ ಪ್ರತಿಯೊಂದು ಕಂಪನಿಯೂ ಮೂರು ತಿಂಗಳಿಗೊಮ್ಮೆ ತನ್ನ ಷೇರುಗಳು ಯಾರ ಬಳಿ ಎಷ್ಟಿವೆ ಎಂಬ ಪಟ್ಟಿಯನ್ನು ಪ್ರಕಟಿಸಲೇಬೇಕು. ಅದರ ಹೆಸರು Shareholding Pattern. ಷೇರುಪೇಟೆಯ ಜಾಲತಾಣದಲ್ಲಿ ಕಂಪನಿಯ ಪುಟದಲ್ಲೇ ಇದು ಸಿಗುತ್ತದೆ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಕೊನೆಯ ದಿನದ ಲೆಕ್ಕವನ್ನು ಅಲ್ಲಿಂದ 21 ದಿನಗಳೊಳಗೆ ಸಲ್ಲಿಸಬೇಕೆಂಬ ನಿಯಮವಿದೆ. ಜುಲೈ ಮೊದಲ ವಾರದಲ್ಲಿ ಹುಡುಕಿದರೆ ಜೂನ್ ಪಟ್ಟಿ ಬಂದಿರದೆ ಮಾರ್ಚ್‌ನದ್ದೇ ಸಿಗಬಹುದು. ಪರವಾಗಿಲ್ಲ, ಯಾವ ತಿಂಗಳ ಪಟ್ಟಿ ಎಂದು ಬರೆದರೆ ಆಯಿತು.

ಪಟ್ಟಿಯಲ್ಲಿ ಎರಡು ಮುಖ್ಯ ಗುಂಪು. ಮೊದಲನೆಯದು Promoter and Promoter Group, ಅಂದರೆ ಪ್ರವರ್ತಕರು: ಕಂಪನಿಯನ್ನು ಹುಟ್ಟುಹಾಕಿದವರು, ಅದರ ಮೇಲೆ ಹಿಡಿತ ಇರುವವರು. ಎರಡನೆಯದು Public: ಮ್ಯೂಚುವಲ್ ಫಂಡ್, ವಿಮಾ ಕಂಪನಿ, ವಿದೇಶಿ ಹೂಡಿಕೆದಾರರಿಂದ ಹಿಡಿದು ಹತ್ತು ಷೇರು ಕೊಂಡ ನಿಮ್ಮ ಪಕ್ಕದ ಮನೆಯವರವರೆಗೆ ಎಲ್ಲರೂ. ಈ ಗುಂಪಿನಲ್ಲಿ ಶೇ. 1ಕ್ಕಿಂತ ಹೆಚ್ಚು ಷೇರು ಇರುವವರ ಹೆಸರು ಮಾತ್ರ ಬಿಡಿಯಾಗಿ ಕಾಣುತ್ತದೆ.

ಟೈಟಾನ್‌ನ ಪ್ರವರ್ತಕರ ಒಟ್ಟು ಪಾಲು ಶೇ. 52.90. ಹಲವು ವರ್ಷಗಳಿಂದ ಇದು ಇಷ್ಟೇ ಇದೆ. ಇದರೊಳಗೆ ಟಾಟಾ ಸಮೂಹದ ಕಂಪನಿಗಳದ್ದು ಒಟ್ಟಾಗಿ ಶೇ. 25.02. ಅದರಲ್ಲಿ ಟಾಟಾ ಸನ್ಸ್ ಒಂದರದ್ದೇ ಶೇ. 20.84. ಉಳಿದ ಶೇ. 27.88 ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮದ್ದು, ಅಂದರೆ ಟಿಡ್ಕೊ ಎಂದು ಕರೆಯುವ, 1965ರಲ್ಲಿ ಸ್ಥಾಪನೆಯಾದ, ತಮಿಳುನಾಡು ಸರ್ಕಾರದ ಸಂಸ್ಥೆಯದ್ದು. ಟಿಡ್ಕೊ ಮತ್ತು ಟಾಟಾ ಸೇರಿ ಮಾಡಿದ ಜಂಟಿ ಉದ್ಯಮವಾಗಿಯೇ ಟೈಟಾನ್ ಹುಟ್ಟಿದ್ದು. ಅಂದರೆ ಅತಿ ದೊಡ್ಡ ಒಬ್ಬ ಷೇರುದಾರ ಯಾರು ಎಂದು ಕೇಳಿದರೆ ಸರಿಯಾದ ಉತ್ತರ ಟಾಟಾ ಅಲ್ಲ, ತಮಿಳುನಾಡು ಸರ್ಕಾರದ ನಿಗಮ. ಕೆಲಮಂಗಲದಿಂದ ಹೊಸೂರಿಗೆ ಶಿಫ್ಟ್ ಬಸ್ಸಿನಲ್ಲಿ ಹೋಗುವವರಲ್ಲೂ ಎಷ್ಟೋ ಮಂದಿಗೆ ಇದು ಹೊಸ ಸುದ್ದಿ.

ಹಾಗಾದರೆ ಎಲ್ಲರೂ ಟಾಟಾ ಕಂಪನಿ ಎನ್ನುವುದು ತಪ್ಪೇ? ಪೂರ್ತಿ ತಪ್ಪಲ್ಲ. ದಿನದ ಆಡಳಿತ ನಡೆಸುವ ವ್ಯವಸ್ಥಾಪಕ ನಿರ್ದೇಶಕರು ಟಾಟಾ ಕಡೆಯವರು, ಹೆಸರಿನ ಜೊತೆ ಟಾಟಾ ಗುರುತೂ ಇದೆ. ಆದರೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಟಿಡ್ಕೊ ಕಳಿಸುವ ಹಿರಿಯ ಐಎಎಸ್ ಅಧಿಕಾರಿ ಇರುವುದು ವಾಡಿಕೆ. ಅವರಿಗೆ ವರ್ಗವಾದಾಗ ಅಧ್ಯಕ್ಷರೂ ಬದಲಾಗುತ್ತಾರೆ. ಅದಕ್ಕೇ ಅಧ್ಯಕ್ಷರ ಹೆಸರನ್ನು ಬರೆಯುವುದಾದರೆ ಪಕ್ಕದಲ್ಲಿ ದಿನಾಂಕ ಬೇಕೇ ಬೇಕು. ಹೋದ ವರ್ಷ ಅಣ್ಣ ಮಾಡಿದ ಪ್ರಾಜೆಕ್ಟ್ ನೋಡಿ ಬರೆದ ಹೆಸರು ಈ ವರ್ಷ ಇರುವುದಿಲ್ಲ.

ಶೇಕಡಾ ಲೆಕ್ಕವನ್ನು ಮಕ್ಕಳು ತಾವೇ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಕಂಪನಿಯ ಒಟ್ಟು ಷೇರು 88,77,86,160. ಟಿಡ್ಕೊ ಬಳಿ ಇರುವುದು 24,74,76,720. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ 27.88 ಬರುತ್ತದೆ. ಟಿಡ್ಕೊ 27.88, ಟಾಟಾ 25.02, ಸಾರ್ವಜನಿಕರು 47.10, ಮೂರನ್ನೂ ಕೂಡಿದರೆ 100. ಕೂಡಿದಾಗ ನೂರು ಬರದಿದ್ದರೆ ಯಾವುದೋ ಒಂದು ಸಾಲನ್ನು ಎರಡು ಸಲ ಸೇರಿಸಿದ್ದೀರಿ. ಸಾಮಾನ್ಯವಾಗಿ ಆಗುವುದು ಏನೆಂದರೆ, ಟಾಟಾ ಸಮೂಹದ 25.02ರ ಜೊತೆಗೆ ಟಾಟಾ ಸನ್ಸ್‌ನ 20.84 ಅನ್ನು ಮತ್ತೆ ಕೂಡಿಬಿಡುವುದು. ಅದು ಮೊದಲೇ ಒಳಗೆ ಸೇರಿದೆ.

ಒಂದು ಷೇರಿನ ಮುಖಬೆಲೆ 1 ರೂಪಾಯಿ. ಹಾಗಾಗಿ ಸಚಿವಾಲಯದ ಪುಟದಲ್ಲಿ Paid up Capital ಸುಮಾರು 88.78 ಕೋಟಿ ರೂಪಾಯಿ ಎಂದು ಕಾಣುತ್ತದೆ. ಇದನ್ನು ನೋಡಿ ‘ಕಂಪನಿಯ ಬೆಲೆ 88 ಕೋಟಿ’ ಎಂದು ಬರೆಯುವ ಮಕ್ಕಳಿದ್ದಾರೆ. ಅದು ಷೇರುಗಳ ಮುಖಬೆಲೆಯ ಮೊತ್ತ ಮಾತ್ರ. ಪೇಟೆಯಲ್ಲಿ ಕಂಪನಿಯ ಮೌಲ್ಯ ಲಕ್ಷ ಕೋಟಿಗಳ ಲೆಕ್ಕದಲ್ಲಿದೆ, ಅದೂ ದಿನದಿನವೂ ಏರಿಳಿಯುತ್ತದೆ. ಒಂದು ಪುಟದ ಪರಿಚಯದಲ್ಲಿ ಅದನ್ನು ಬಿಟ್ಟರೇ ವಾಸಿ.

ಬರೆದಾಗ ಪುಟ ಹೇಗೆ ಕಾಣಬೇಕು

ಪ್ರತಿ ಸಂಗತಿಯ ಪಕ್ಕದಲ್ಲೇ ಅದರ ಮೂಲ ಇರಬೇಕು. ಕೊನೆಯಲ್ಲಿ ‘ಇಂಟರ್‌ನೆಟ್, ಗೂಗಲ್’ ಎಂದು ಬರೆದರೆ ಅದು ಮೂಲವಲ್ಲ. ಪುಸ್ತಕ ಎಲ್ಲಿ ಸಿಕ್ಕಿತು ಎಂದು ಕೇಳಿದರೆ ‘ಬೀದಿಯಲ್ಲಿ’ ಎಂದ ಹಾಗೆ. ವಿಕಿಪೀಡಿಯ ನೋಡಬಾರದೆಂದೇನಿಲ್ಲ, ಎಲ್ಲಿ ಹುಡುಕಬೇಕೆಂದು ತಿಳಿಯಲು ಅದು ಸಹಾಯಕ. ಆದರೆ ಅಲ್ಲಿ ಕಂಡ ಸಂಗತಿಯನ್ನು ಮೂಲ ದಾಖಲೆಯಲ್ಲಿ ನೋಡಿಯೇ ಬರೆಯಬೇಕು. ಮಾದರಿಗೆ ಹೀಗೆ:

‘ಟೈಟಾನ್ ಕಂಪನಿ ಲಿಮಿಟೆಡ್ (ಸಿಐಎನ್ L74999TZ1984PLC001456) ಷೇರುಪೇಟೆಯಲ್ಲಿರುವ ಪಬ್ಲಿಕ್ ಲಿಮಿಟೆಡ್ ಕಂಪನಿ. ಇದು 26 ಜುಲೈ 1984ರಂದು ಟೈಟಾನ್ ವಾಚಸ್ ಲಿಮಿಟೆಡ್ ಎಂಬ ಹೆಸರಿನಲ್ಲಿ ನೋಂದಣಿಯಾಯಿತು. ನೋಂದಾಯಿತ ಕಚೇರಿ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿದೆ (ನೋಂದಣಿ ದಿನ ಮತ್ತು ವಿಳಾಸ: ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆ, ನೋಡಿದ ದಿನಾಂಕ ____). ಕಾರ್ಪೊರೇಟ್ ಕಚೇರಿ ಬೆಂಗಳೂರಿನಲ್ಲಿದೆ. 1993ರಲ್ಲಿ ಟೈಟಾನ್ ಇಂಡಸ್ಟ್ರೀಸ್ ಎಂದೂ 2013ರಲ್ಲಿ ಈಗಿನಂತೆಯೂ ಹೆಸರು ಬದಲಾಯಿತು. ಕೈಗಡಿಯಾರದಿಂದ ಆರಂಭವಾದ ಕಂಪನಿ ಈಗ ಆಭರಣ, ಕೈಗಡಿಯಾರ, ಕನ್ನಡಕಗಳನ್ನು ತಯಾರಿಸಿ ಮಾರುತ್ತದೆ. ____ ವರ್ಷದ ಆದಾಯದಲ್ಲಿ ಆಭರಣದ ಪಾಲು ಶೇ. ____ (ವಾರ್ಷಿಕ ವರದಿ, ಪುಟ ____). ಪ್ರವರ್ತಕರು ತಮಿಳುನಾಡು ಸರ್ಕಾರದ ಟಿಡ್ಕೊ, ಶೇ. 27.88, ಮತ್ತು ಟಾಟಾ ಸಮೂಹ, ಶೇ. 25.02. ಉಳಿದ ಶೇ. 47.10 ಸಾರ್ವಜನಿಕ ಷೇರುದಾರರದ್ದು (ಷೇರುದಾರರ ಪಟ್ಟಿ, ____ ತಿಂಗಳ ಅಂತ್ಯಕ್ಕೆ).’

ಖಾಲಿ ಬಿಟ್ಟ ಜಾಗಗಳನ್ನು ಮಗುವೇ ಹುಡುಕಿ ತುಂಬಬೇಕು. ಷೇರುಪಾಲಿನ ಅಂಕಿಗಳನ್ನೂ ಇಲ್ಲಿಂದ ನಕಲು ಮಾಡದೆ ಹೊಸ ಪಟ್ಟಿಯಲ್ಲಿ ನೋಡಿಯೇ ಬರೆಯಬೇಕು, ಏಕೆಂದರೆ ಮೂಲವೆಂದು ಹೆಸರಿಸಿದ್ದು ಆ ಪಟ್ಟಿಯನ್ನು. ಇಷ್ಟು ಬರೆದ ಮೇಲೂ ಪುಟದಲ್ಲಿ ಜಾಗ ಉಳಿಯುತ್ತದೆ. ಅಲ್ಲಿ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಮನೆಯ ಹಿರಿಯರೊಬ್ಬರನ್ನು ಕೇಳಿ ನಾಲ್ಕು ಸಾಲು ಸೇರಿಸಬಹುದು: ಯಾವ ವಿಭಾಗ, ಯಾವ ವರ್ಷದಿಂದ, ಏನು ಕೆಲಸ. ಅದರ ಮೂಲ ‘ಸಂದರ್ಶನ’ ಮತ್ತು ದಿನಾಂಕ. ಆದರೆ ಸಂದರ್ಶನದಲ್ಲಿ ಕೇಳಿದ ವರ್ಷಕ್ಕೂ ದಾಖಲೆಯ ವರ್ಷಕ್ಕೂ ಹೊಂದದಿದ್ದರೆ ಎರಡನ್ನೂ ಬರೆದು, ಯಾವುದು ಎಲ್ಲಿಂದ ಬಂತು ಎಂದು ಹೇಳಿ.

ಸಣ್ಣ ಘಟಕವನ್ನು ಆರಿಸಿಕೊಂಡರೆ

ಎಲ್ಲರೂ ಟೈಟಾನ್ ಬಗ್ಗೆಯೇ ಬರೆಯಬಾರದೆಂದು ಶಿಕ್ಷಕರು ಹೇಳಿದರೆ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಘಟಕವೊಂದನ್ನು ಆರಿಸಬಹುದು. ಆಗ ದಾರಿ ಬೇರೆ. ಅದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ನೋಂದಣಿ ದಿನ, ವಿಳಾಸ, ನಿರ್ದೇಶಕರು ಸಚಿವಾಲಯದ ಪುಟದಲ್ಲಿ ಸಿಗುತ್ತವೆ. ಷೇರುದಾರರ ವಿವರ ಇರುವುದು ಕಂಪನಿ ಪ್ರತಿ ವರ್ಷ ಸಲ್ಲಿಸುವ ದಾಖಲೆಗಳಲ್ಲಿ. ಅವನ್ನು ನೋಡಲು ಒಂದು ಕಂಪನಿಗೆ 100 ರೂಪಾಯಿ ಶುಲ್ಕವಿದೆ. ಶಾಲಾ ಕೆಲಸಕ್ಕೆ ಹಣ ಕಟ್ಟುವುದು ಬೇಡ, ‘ಪ್ರೈವೇಟ್ ಲಿಮಿಟೆಡ್, ನಿರ್ದೇಶಕರು ಇಷ್ಟು ಮಂದಿ’ ಎಂದು ಬರೆದರೆ ಸಾಕು. ನಿರ್ದೇಶಕರನ್ನು ಮಾಲೀಕರೆಂದು ಮಾತ್ರ ಬರೆಯಬೇಡಿ.

ಒಬ್ಬರೇ ಮಾಲೀಕರಿರುವ ಅಥವಾ ಪಾಲುದಾರಿಕೆಯ ಘಟಕ ಸಚಿವಾಲಯದ ಕಂಪನಿ ಪಟ್ಟಿಯಲ್ಲಿ ಇರುವುದೇ ಇಲ್ಲ. ಅದಕ್ಕೆ ಅವರ ಬಿಲ್ಲಿನಲ್ಲಿರುವ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ನೋಡಿ. ಮೊದಲ ಎರಡು ಅಂಕಿ ರಾಜ್ಯದ್ದು: 33 ಇದ್ದರೆ ತಮಿಳುನಾಡು, 29 ಇದ್ದರೆ ಕರ್ನಾಟಕ. ಗಡಿಯ ಎರಡೂ ಕಡೆ ಕೆಲಸ ಮಾಡುವ ಘಟಕಕ್ಕೆ ಎರಡು ಸಂಖ್ಯೆ ಇರಬಹುದು. www.gst.gov.in ನಲ್ಲಿ Search Taxpayer ಎಂಬಲ್ಲಿ ಆ ಸಂಖ್ಯೆ ಕೊಟ್ಟರೆ Legal Name of Business ಮತ್ತು Constitution of Business ಎಂಬ ಸಾಲುಗಳು ಕಾಣುತ್ತವೆ. ಎರಡನೆಯದರಲ್ಲಿ Proprietorship ಎಂದಿದ್ದರೆ ಒಬ್ಬರೇ ಮಾಲೀಕರು, ಮೊದಲನೆಯದರಲ್ಲಿರುವುದು ಅವರ ಹೆಸರು. ಪ್ರಾಜೆಕ್ಟ್‌ನಲ್ಲಿ ಹೆಸರು ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ. ಫೋನ್ ನಂಬರ್ ಹಾಕುವುದೇ ಬೇಡ.

ಅದೇ ಪುಟದಲ್ಲಿ ನೋಂದಣಿಯ ದಿನಾಂಕವೂ ಇದೆ. ಹಳೆಯ ಘಟಕಗಳಿಗೆಲ್ಲ ಅಲ್ಲಿ 01/07/2017 ಎಂದೇ ಕಾಣುತ್ತದೆ. ಅದು ದೇಶದಲ್ಲಿ ಜಿಎಸ್‌ಟಿ ಜಾರಿಗೆ ಬಂದ ದಿನ, ಘಟಕ ಶುರುವಾದ ದಿನವಲ್ಲ. ಒಂದೇ ತರಗತಿಯ ಐದು ಮಕ್ಕಳ ಐದು ಘಟಕಗಳೂ ಒಂದೇ ದಿನ ಹುಟ್ಟಿದ್ದರೆ ಶಿಕ್ಷಕರಿಗೆ ಅನುಮಾನ ಬರುವುದು ಸಹಜ. ಅಂಥ ಘಟಕದ ಆರಂಭದ ವರ್ಷವನ್ನು ಮಾಲೀಕರಿಂದಲೇ ಕೇಳಿ, ‘ಮಾಲೀಕರು ತಿಳಿಸಿದಂತೆ’ ಎಂದು ಸೇರಿಸಿ ಬರೆಯಿರಿ.